ಸೀರೆಯ ಹಸಿರು ಪೇಟಕ್ಕೆ ಹತ್ತಿದಾಗ

ಅಕ್ಟೋಬರ್ ಕೊನೆಗೆ ಬಂತೆಂದರೆ ವಿಠ್ಠಲವಾಡಿ, ಕಲ್ಯಾಣ, ಡೊಂಬಿವಲಿ ಕಡೆಯ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ರಾಜ್ಯೋತ್ಸವದ ಆಮಂತ್ರಣಗಳು ಹರಿದಾಡುತ್ತವೆ. ಈಚೆಗೆ ಅವುಗಳ ಮೇಲಿನ ಚಿತ್ರವನ್ನು ಕಂಪ್ಯೂಟರೇ ಬರೆದುಕೊಡುತ್ತದೆ. ಬೇಕಾದದ್ದನ್ನು ಮಾತಿನಲ್ಲಿ ಹೇಳಿದರೆ ಸಾಕು: ಹಸಿರು ಸೀರೆಯುಟ್ಟ ಹೆಂಗಸು, ಬಿಳಿ ಅಂಗಿ ತೊಟ್ಟು ಕೆಂಪು ಪೇಟ ಸುತ್ತಿದ ಗಂಡಸು, ಹಳದಿ ಫ್ರಾಕಿನ ಹುಡುಗಿ, ಮುಂದೆ ಹಿತ್ತಾಳೆ ದೀಪ. ಅರ್ಧ ನಿಮಿಷದಲ್ಲಿ ಚಿತ್ರ ಬರುತ್ತದೆ. ಮುಖ ಚೆನ್ನ, ಬೆಳಕು ಚೆನ್ನ. ಆದರೆ ಪೇಟ ಹಸಿರು, ಸೀರೆ ಕೆಂಪು, ಗಂಡಸಿನ ಅಂಗಿಗೆ ಹುಡುಗಿಯ ಹಳದಿ. ಹೇಳಿದ ಬಣ್ಣಗಳೆಲ್ಲ ಚಿತ್ರದಲ್ಲಿವೆ, ಇರಬೇಕಾದವರ ಮೈಮೇಲೆ ಮಾತ್ರ ಇಲ್ಲ.

ಈ ದೋಷಕ್ಕೆ ಬಳಕೆದಾರರು ಕಲರ್ ಬ್ಲೀಡಿಂಗ್ ಎನ್ನುತ್ತಾರೆ. ನಮ್ಮ ಮನೆಗಳಲ್ಲಿ ಇದಕ್ಕೆ ಬಣ್ಣ ಹತ್ತುವುದು ಎನ್ನುತ್ತೇವೆ. ಹೊಸ ಸೀರೆಯನ್ನು ಬಿಳಿ ಪಂಚೆಯ ಜೊತೆ ನೆನೆಹಾಕಿದಾಗ ಆಗುವುದು ಇದೇ. ಮತ್ತೆ ಮತ್ತೆ ಬಟನ್ ಒತ್ತುತ್ತಾ ಒಂದು ಸಲವಾದರೂ ಸರಿ ಬಂದೀತೆಂದು ಕಾಯುವವರೇ ಹೆಚ್ಚು. ಎರಡು ಬಣ್ಣಗಳಿದ್ದಾಗ ಆ ಅದೃಷ್ಟ ಕೈಹಿಡಿಯಬಹುದು. ನಾಲ್ಕಾದಾಗ ಕಷ್ಟ. ಬಣ್ಣ ಎಲ್ಲಿಂದ ಸೋರುತ್ತಿದೆ ಎಂದು ಗೊತ್ತಾದರೆ ಅದನ್ನು ತಡೆಯುವ ದಾರಿಗಳಿವೆ. ಇಲ್ಲಿ ಸ್ಟೇಬಲ್ ಡಿಫ್ಯೂಷನ್ 1.5 ಎಂಬ ಮಾಡೆಲ್ಲನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. 2022ರಲ್ಲಿ ಬಂದ ಇದು ಸಾಧಾರಣ ಗ್ರಾಫಿಕ್ಸ್ ಕಾರ್ಡ್ ಇರುವ ಮನೆಯ ಕಂಪ್ಯೂಟರಿನಲ್ಲೂ ಓಡುತ್ತದೆ, ಮತ್ತು ಈ ದೋಷ ಇದರಲ್ಲಿ ಎದ್ದು ಕಾಣುತ್ತದೆ.

ಬಣ್ಣ ಸೋರುವುದು ಎರಡು ಕಡೆ

ಮೊದಲ ಸೋರಿಕೆ ಮಾತಿನಲ್ಲೇ ಆಗುತ್ತದೆ. ನಾವು ಬರೆದ ಪ್ರಾಂಪ್ಟನ್ನು ಮಾಡೆಲ್ ನೇರವಾಗಿ ಓದುವುದಿಲ್ಲ. ಕ್ಲಿಪ್ ಎಂಬ ಇನ್ನೊಂದು ಜಾಲ ಅದನ್ನು ಟೋಕನ್ ಎಂಬ ಸಣ್ಣ ತುಂಡುಗಳಾಗಿ ಕತ್ತರಿಸಿ, ಒಂದೊಂದು ತುಂಡಿಗೂ 768 ಸಂಖ್ಯೆಗಳ ಒಂದು ಸಾಲು ಕೊಡುತ್ತದೆ. ಆ ಸಾಲೇ ಆ ಪದದ ಅರ್ಥ. ಹೀಗೆ ಅರ್ಥ ಕಟ್ಟುವಾಗ ಪ್ರತಿ ಪದವೂ ತನಗಿಂತ ಮೊದಲು ಬಂದ ಎಲ್ಲ ಪದಗಳನ್ನೂ ನೋಡುತ್ತದೆ, ಮುಂದೆ ಬರುವುದನ್ನು ನೋಡುವುದಿಲ್ಲ. ಹಾಗಾಗಿ ಮೂರನೆಯದಾಗಿ ಬಂದ "ಪೇಟ"ದ ಸಾಲಿನಲ್ಲಿ ಪಕ್ಕದ ಕೆಂಪು ಮಾತ್ರವಲ್ಲದೆ ಅದಕ್ಕಿಂತ ಮೊದಲು ಬಂದ ಹಸಿರು, ಬಿಳಿಗಳ ವಾಸನೆಯೂ ಸೇರಿರುತ್ತದೆ. ವಾಕ್ಯದ ಕೊನೆಯ ಗುರುತಂತೂ ಎಲ್ಲವನ್ನೂ ನೋಡಿರುತ್ತದೆ. ಅದು ಎಲ್ಲ ಬಣ್ಣ ಕಲಸಿದ ನೀರಿನ ಬಕೆಟ್ ಇದ್ದಂತೆ.

ಕನ್ನಡದಲ್ಲಿ "ಹಸಿರು ಸೀರೆಯುಟ್ಟ ಹೆಂಗಸು" ಎಂದರೆ ಆ "ಯುಟ್ಟ" ಸೀರೆಯನ್ನು ಹೆಂಗಸಿಗೆ ಗಂಟು ಹಾಕಿಬಿಡುತ್ತದೆ. ಇಂಗ್ಲಿಷಿನಲ್ಲಿ ಆ ಗಂಟು ಇರುವುದು ಪದಗಳು ನಿಂತ ಜಾಗದಲ್ಲಿ. ಕ್ಲಿಪ್‌ಗೆ ಜಾಗದ ಲೆಕ್ಕ ದುರ್ಬಲ. ಚಿತ್ರಕ್ಕೂ ಅದರ ಶೀರ್ಷಿಕೆಗೂ ಜೋಡಿ ಹಾಕುವುದನ್ನಷ್ಟೇ ಅದಕ್ಕೆ ಕಲಿಸಿದ್ದು. ಆ ಕೆಲಸಕ್ಕೆ ಚಿತ್ರದಲ್ಲಿ ಏನೇನಿದೆ ಎಂಬ ಪಟ್ಟಿ ಗೊತ್ತಿದ್ದರೆ ಬಹುಪಾಲು ಸಾಕು, ಯಾವುದು ಯಾರದ್ದು ಎಂದು ಗೊತ್ತಿರಬೇಕಾಗಿಲ್ಲ. ಇಂಥ ಜಾಲಗಳು ವಾಕ್ಯವನ್ನು ಪದಗಳ ಚೀಲದಂತೆ ನೋಡುತ್ತವೆ ಎಂದು 2023ರಲ್ಲಿ ಪ್ರಕಟವಾದ ಒಂದು ಸಂಶೋಧನಾ ಪ್ರಬಂಧ ತೋರಿಸಿಕೊಟ್ಟಿತು.

ಎರಡನೆಯ ಸೋರಿಕೆ ಚಿತ್ರದ ಹಾಳೆಯ ಮೇಲೆ. ಚಿತ್ರ ಬರೆಯುವಾಗ ಹಾಳೆಯ ಪ್ರತಿ ಚೌಕವೂ "ಈ ಪದಗಳಲ್ಲಿ ನನಗೆ ಸಂಬಂಧಿಸಿದ್ದು ಯಾವುದು?" ಎಂದು ಕೇಳುತ್ತದೆ. ಯಾವ ವಸ್ತು ಎಲ್ಲಿ ಎಂದು ಮುಖ್ಯವಾಗಿ ನಿಗದಿಯಾಗುವ ಹಂತದಲ್ಲಿ 512 ಪಿಕ್ಸೆಲ್ ಅಗಲದ ಚಿತ್ರಕ್ಕೆ ಅಡ್ಡಡ್ಡ 16 ಚೌಕಗಳಷ್ಟೇ ಇರುತ್ತವೆ. ಅಂದರೆ ಒಂದು ಚೌಕಕ್ಕೆ 32 ಪಿಕ್ಸೆಲ್. ಮೂವರು ನಿಂತ ಚಿತ್ರದಲ್ಲಿ ಒಂದು ಪೇಟ ಎರಡು ಮೂರು ಚೌಕಗಳಲ್ಲಿ ಮುಗಿದುಹೋಗುತ್ತದೆ. "ಕೆಂಪು" ಎಂಬ ಪದ ಪೇಟದ ಚೌಕಗಳಿಗೇ ಹೋಗಬೇಕೆಂಬ ಕಟ್ಟುನಿಟ್ಟು ಎಲ್ಲೂ ಇಲ್ಲ. ಸೀರೆ ದೊಡ್ಡದು, ಹತ್ತಾರು ಚೌಕ ಹಿಡಿದಿದೆ, ಕೆಂಪು ಅಲ್ಲಿಗೇ ಹರಿಯುತ್ತದೆ. ಇದಲ್ಲದೆ ಒಂದೇ ತೆರನಾದ ಭಾಗಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುವ ಪದರವೂ ಇದೆ. ಇಬ್ಬರು ಅಕ್ಕಪಕ್ಕ ನಿಂತರೆ ಅಂಗಿಗೆ ಅಂಗಿ ನೋಡಿ ಒಂದೇ ಬಣ್ಣ ತೊಡುವುದು ಅದರಿಂದ.

ಮೊದಲು ರೋಗ ಯಾವುದೆಂದು ನೋಡಿ

ನಮ್ಮ ಪ್ರಾಂಪ್ಟ್ ಹೀಗಿತ್ತು ಎಂದಿಟ್ಟುಕೊಳ್ಳಿ:

```
a woman in a green saree, a man in a white shirt
and a red turban, a girl in a yellow dress,
a brass lamp, temple hall, photo
```

ಸೀಡ್ ಎಂದರೆ ಚಿತ್ರ ಯಾವ ಗೊಂದಲದ ಚುಕ್ಕೆಗಳಿಂದ ಶುರುವಾಗಬೇಕೆಂದು ಹೇಳುವ ಸಂಖ್ಯೆ. ಅದನ್ನು ಹಾಗೇ ಬಿಟ್ಟರೆ ಪ್ರತಿ ಸಲ ಬೇರೆ ಚಿತ್ರ ಬರುತ್ತದೆ, ನೀವು ಮಾಡಿದ ಬದಲಾವಣೆಯಿಂದ ಏನಾಯಿತು ಎಂದು ತಿಳಿಯುವುದೇ ಇಲ್ಲ. ಆದ್ದರಿಂದ 101ರಿಂದ 108ರವರೆಗೆ ಎಂಟು ಸೀಡ್ ಗಟ್ಟಿಮಾಡಿಕೊಂಡು ಎಂಟು ಚಿತ್ರ ತೆಗೆಯಿರಿ. ಒಂದು ಕಾಗದದ ಮೇಲೆ ಸೀರೆ, ಅಂಗಿ, ಪೇಟ, ಫ್ರಾಕ್ ಎಂದು ನಾಲ್ಕು ಕಲಂ ಹಾಕಿ, ಒಂದೊಂದು ಚಿತ್ರದಲ್ಲೂ ಯಾವುದು ಸರಿ, ಯಾವುದು ತಪ್ಪು ಎಂದು ಗುರುತು ಮಾಡಿ. ಮುಂದಿನ ಪ್ರತಿ ಪ್ರಯೋಗಕ್ಕೂ ಇದೇ ಎಂಟು ಸೀಡ್, ಇದೇ ಕಾಗದ. ಒಂದೇ ಚಿತ್ರ ನೋಡಿ "ಸರಿಹೋಯಿತು" ಎನ್ನುವಂತಿಲ್ಲ.

ಈಗ ಒಂದೊಂದು ಜೋಡಿಯನ್ನೂ ಒಂಟಿಯಾಗಿ ಕೇಳಿ. `a man in a red turban` ಎಂದಷ್ಟೇ ಬರೆದಾಗ ಪೇಟ ಕೆಂಪಾಗಿ ಬಂದರೆ ಮಾಡೆಲ್ಲಿಗೆ ಕೆಂಪು ಪೇಟ ಗೊತ್ತಿದೆ, ಕೆಡುತ್ತಿರುವುದು ಇತರ ಪದಗಳ ಸಹವಾಸದಿಂದ. ಒಂಟಿಯಾಗಿ ಕೇಳಿದಾಗಲೂ ಬರದಿದ್ದರೆ ಅದು ಬೇರೆಯೇ ರೋಗ, ಕಲಿಕೆಯ ಪೂರ್ವಗ್ರಹ. ನೀಲಿ ಬಾಳೆಹಣ್ಣು ಕೇಳಿ ನೋಡಿ, ಮಾಡೆಲ್ ಹಳದಿ ಬಿಡಲು ಒಪ್ಪುವುದಿಲ್ಲ, ಏಕೆಂದರೆ ಅದು ನೋಡಿದ ಬಾಳೆಹಣ್ಣುಗಳೆಲ್ಲ ಹೆಚ್ಚುಕಡಿಮೆ ಹಳದಿಯೇ. ಮೂರನೆಯದೂ ಒಂದಿದೆ: ವಸ್ತುವೇ ಚಿತ್ರದಲ್ಲಿ ಇಲ್ಲದಿರುವುದು. ಹುಡುಗಿ ಬಂದೇ ಇಲ್ಲದಿದ್ದರೆ ಅವಳ ಹಳದಿ ಮನೆಯಿಲ್ಲದೆ ಅಲೆದು ಯಾರದೋ ಅಂಗಿಗೆ ಸೇರುತ್ತದೆ. ಅಂಥಲ್ಲಿ ಬಣ್ಣವನ್ನು ತಿದ್ದಿ ಪ್ರಯೋಜನವಿಲ್ಲ. ಚಿತ್ರವನ್ನು ಅಗಲ ಮಾಡಿ, 512ರ ಬದಲು 768 ಕೊಟ್ಟು, ಮೂವರಿಗೂ ನಿಲ್ಲಲು ಜಾಗ ಕೊಡಬೇಕು.

ಮಾತನ್ನು ಬೇರೆ ಬೇರೆ ಬಕೆಟ್ಟಿನಲ್ಲಿ ನೆನೆಸುವುದು

ಖರ್ಚಿಲ್ಲದ ಮದ್ದು ಪ್ರಾಂಪ್ಟನ್ನು ಮತ್ತೆ ಬರೆಯುವುದು. ಬೇಡದ ಬಣ್ಣದ ಪದ ತೆಗೆದುಹಾಕಿ. ಹಿತ್ತಾಳೆ ದೀಪಕ್ಕೆ ಹಳದಿ ಎಂದು ಹೇಳಬೇಕಾಗಿಲ್ಲ, `brass` ಎಂಬ ಪದ ತನ್ನ ಬಣ್ಣವನ್ನು ತಾನೇ ತರುತ್ತದೆ ಮತ್ತು ಬಟ್ಟೆಯ ಮೇಲೆ ಹರಿಯುವುದು ಕಡಿಮೆ. ಅತಿ ಹೆಚ್ಚು ಕೆಡುವ ಜೋಡಿಯನ್ನು ಎಲ್ಲಕ್ಕಿಂತ ಮೊದಲು ಬರೆಯಿರಿ. ಪದಗಳು ಹಿಂದಿನದನ್ನು ಮಾತ್ರ ನೋಡುತ್ತವೆ ಎಂದೆನಲ್ಲ, ಮೊದಲ ಜೋಡಿಗೆ ಹಿಂದೆ ಯಾರೂ ಇಲ್ಲ. ಹಾಗಾಗಿ ಕೆಂಪು ಪೇಟ ಸಾಲಿನ ತಲೆಗೆ ಬರಲಿ.

ಒತ್ತು ಕೊಡುವ ಬರಹದ ಬಗ್ಗೆ ಒಂದು ಎಚ್ಚರಿಕೆ. `(red turban:1.2)` ಎಂದು ಜೋಡಿಗೆ ಒತ್ತು ಕೊಡಬಹುದು. `(red:1.5)` ಎಂದು ಬಣ್ಣಕ್ಕೇ ಒತ್ತಿದರೆ ಚಿತ್ರವೆಲ್ಲ ಕೆಂಪಾಗುತ್ತದೆ, ಏಕೆಂದರೆ ಸೋರುತ್ತಿರುವ ನಲ್ಲಿಯನ್ನೇ ಇನ್ನಷ್ಟು ತಿರುಗಿಸಿದಂತಾಯಿತು. ನೆಗೆಟಿವ್ ಪ್ರಾಂಪ್ಟಿನಲ್ಲಿ `green turban` ಎಂದು ಬರೆಯುವವರೂ ಇದ್ದಾರೆ. ಅಲ್ಲೂ ಅದೇ ಕಥೆ. ಪೇಟದ ಹಸಿರಿನ ಜೊತೆ ಸೀರೆಯ ಹಸಿರೂ ಮಾಸಿಹೋಗುತ್ತದೆ.

ಮುಂದಿನ ಮದ್ದು `BREAK`. ಆಟೋಮ್ಯಾಟಿಕ್ 1111 ಎಂದು ಕರೆಯುವ ವೆಬ್ ಯುಐನಲ್ಲಿ ಈ ಪದವನ್ನು ದೊಡ್ಡಕ್ಷರದಲ್ಲಿ ಬರೆದರೆ ಅದು ಚಿತ್ರದ ವರ್ಣನೆಗೆ ಸೇರದೆ ಆಜ್ಞೆಯಾಗಿ ಕೆಲಸ ಮಾಡುತ್ತದೆ. ಕ್ಲಿಪ್ ಒಂದು ಸಲಕ್ಕೆ 75 ಟೋಕನ್ ಮಾತ್ರ ಓದುತ್ತದೆ. `BREAK` ಕಂಡಲ್ಲಿ ಉಳಿದ ಜಾಗವನ್ನು ಖಾಲಿ ಟೋಕನ್‌ಗಳಿಂದ ತುಂಬಿ, ಮುಂದಿನದನ್ನು ಹೊಸ ತುಂಡಾಗಿ ಓದಿಸಲಾಗುತ್ತದೆ.

```
temple hall, photo, a brass lamp BREAK
a man in a red turban and a white shirt BREAK
a woman in a green saree BREAK
a girl in a yellow dress
```

ಈಗ ಪೇಟ ಹಸಿರನ್ನು ನೋಡಿಯೇ ಇಲ್ಲ, ಸೀರೆ ಕೆಂಪನ್ನು ನೋಡಿಲ್ಲ. ಒಂದೊಂದು ಬಟ್ಟೆಯನ್ನೂ ಒಂದೊಂದು ಬಕೆಟ್ಟಿನಲ್ಲಿ ನೆನೆಸಿದ ಹಾಗೆ. ಕಟ್‌ಆಫ್ ಎಂಬ ಎಕ್ಸ್‌ಟೆನ್ಶನ್ ಇದೇ ಕೆಲಸವನ್ನು ಇನ್ನೊಂದು ರೀತಿ ಮಾಡುತ್ತದೆ. ನೀವು ಬಣ್ಣಗಳ ಪಟ್ಟಿ ಕೊಟ್ಟರೆ, ಒಂದೊಂದು ಜೋಡಿಯನ್ನು ಓದುವಾಗ ಉಳಿದ ಬಣ್ಣದ ಪದಗಳನ್ನು ಮುಚ್ಚಿಟ್ಟು ಓದುತ್ತದೆ. ವಾಕ್ಯದ ಓಟ ಉಳಿಯುತ್ತದೆ, ಬಣ್ಣ ಮಾತ್ರ ದಾಟುವುದಿಲ್ಲ.

ಎಂಟು ಸೀಡಿನ ಕಾಗದದಲ್ಲಿ ಇಲ್ಲಿಗೆ ಬದಲಾವಣೆ ಕಾಣಬೇಕು. ಪೂರ್ತಿ ಗುಣ ಮಾತ್ರ ಆಗದು. ಕಾರಣ ಮೇಲೆ ಹೇಳಿದ ಎರಡನೆಯ ಸೋರಿಕೆ: ತುಂಡುಗಳು ಬೇರೆಯಾದರೂ ಹಾಳೆಯ ಎಲ್ಲ ಚೌಕಗಳಿಗೂ ಎಲ್ಲ ತುಂಡುಗಳೂ ಸಿಗುತ್ತವೆ. ಸೀರೆಯ ಚೌಕ ಈಗಲೂ ಹೋಗಿ ಕೆಂಪನ್ನು ಎತ್ತಿಕೊಳ್ಳಬಹುದು.

ಹಾಳೆಗೆ ಗೆರೆ ಎಳೆಯುವುದು

ಎರಡನೆಯ ಸೋರಿಕೆಗೆ ಮದ್ದು, ಯಾವ ಮಾತು ಹಾಳೆಯ ಯಾವ ಭಾಗಕ್ಕೆ ಎಂದು ಮೊದಲೇ ಹಂಚುವುದು. ರೀಜನಲ್ ಪ್ರಾಂಪ್ಟರ್ ಎಂಬ ಎಕ್ಸ್‌ಟೆನ್ಶನ್ ಅದನ್ನು ಮಾಡುತ್ತದೆ. ಚಿತ್ರದ ಅಳತೆ 768 ಅಗಲ, 512 ಎತ್ತರ. ಅದರಲ್ಲಿ Columns ಆರಿಸಿ, Divide Ratio ಜಾಗದಲ್ಲಿ `1,1,1` ಎಂದು ಬರೆದರೆ 256 ಪಿಕ್ಸೆಲ್ಲಿನ ಮೂರು ಪಟ್ಟಿಗಳಾಗುತ್ತವೆ.

```
three people in a temple hall, photo ADDCOMM
a woman in a green saree ADDCOL
a man in a red turban and a white shirt ADDCOL
a girl in a yellow dress
```

`ADDCOMM` ಮೊದಲಿನ ಸಾಲು ಮೂರು ಪಟ್ಟಿಗೂ ಸಮಾನ. ಆ ಸಾಲಿನಲ್ಲಿ ಬಣ್ಣದ ಹೆಸರು ಬರಲೇಬಾರದು, ಬಂದರೆ ಮೂರೂ ಪಟ್ಟಿಗೆ ಹತ್ತುತ್ತದೆ. ಆಮೇಲಿನ ಪ್ರತಿ ಸಾಲು ಎಡದಿಂದ ಬಲಕ್ಕೆ ಒಂದೊಂದು ಪಟ್ಟಿಯ ಪಾಲು. ಮಧ್ಯದ ಪಟ್ಟಿಯ ಚೌಕಗಳಿಗೆ ಹಸಿರು ಎಂಬ ಪದವೇ ತಲುಪುವುದಿಲ್ಲ. ಕಂಫಿ ಯುಐ ಬಳಸುವವರಿಗೆ `Conditioning (Set Area)` ನೋಡ್ ಇದೆ. ಮೂರು ನೋಡ್‌ಗಳಿಗೂ ಅಗಲ 256, ಎತ್ತರ 512 ಕೊಟ್ಟು, x ಬೆಲೆ 0, 256, 512 ಎಂದಿಟ್ಟು, `Conditioning (Combine)` ಮೂಲಕ ಕೂಡಿಸಿದರೆ ಹೆಚ್ಚುಕಡಿಮೆ ಅದೇ ಫಲ.

ಇದಕ್ಕೂ ಮಿತಿಗಳಿವೆ. ಹೆಂಗಸಿನ ಕೈ ಪಟ್ಟಿ ದಾಟಿ ಗಂಡಸಿನ ಕಡೆ ಚಾಚಿದರೆ ಆ ತೋಳಿನ ಕುಪ್ಪಸಕ್ಕೆ ಅವನ ಅಂಗಿಯ ಬಿಳಿ ಬರಬಹುದು. ಪಟ್ಟಿಗಳ ನಡುವೆ ಗೋಡೆಯ ಬಣ್ಣ ಬದಲಾಗಿ ಮೂರು ಫೋಟೋ ಅಂಟಿಸಿದಂತೆಯೂ ಕಾಣಬಹುದು. ಹಾಗಾದರೆ ಹಿನ್ನೆಲೆಯ ವರ್ಣನೆಯನ್ನು ಸಮಾನ ಸಾಲಿನಲ್ಲಿ ಇನ್ನಷ್ಟು ಬಿಡಿಸಿ ಬರೆಯಬೇಕು. ಮುಖ್ಯವಾದ ಕೊರತೆ ಇನ್ನೊಂದು: ಪೇಟ ಮತ್ತು ಅಂಗಿ ಇಬ್ಬರೂ ಒಂದೇ ಪಟ್ಟಿಯ ನಿವಾಸಿಗಳು. ಕೆಂಪು ಈಗ ಸೀರೆಗೆ ಹೋಗದಿದ್ದರೂ ಅಂಗಿಗೆ ಇಳಿಯಬಹುದು. ಬಿಳಿ ಯಾವಾಗಲೂ ಸೋಲುವ ಬಣ್ಣ.

ಉಳಿದದ್ದನ್ನು ಕೈಯಿಂದ

ಹೀಗೆ ಮಾಡಿ ಎಂಟರಲ್ಲಿ ಎಲ್ಲಕ್ಕಿಂತ ಚೆನ್ನಾಗಿರುವ ಚಿತ್ರ ಆರಿಸಿಕೊಂಡಿರಿ. ಸೀರೆ ಸರಿ, ಫ್ರಾಕ್ ಸರಿ, ಪೇಟ ಕೆಂಪು, ಅಂಗಿ ಮಾತ್ರ ತಿಳಿಗೆಂಪು. ಇಷ್ಟಕ್ಕಾಗಿ ಚಿತ್ರವನ್ನೇ ಮತ್ತೆ ಬರೆಸಬೇಡಿ. ಇನ್‌ಪೇಂಟಿಂಗ್ ಎಂಬ ಸೌಲಭ್ಯದಲ್ಲಿ ಅಂಗಿಯ ಮೇಲೆ ಮಾತ್ರ ಕುಂಚ ಆಡಿಸಿ, ಪ್ರಾಂಪ್ಟಿನಲ್ಲಿ ಹಿಂದಿನದೆಲ್ಲ ಅಳಿಸಿ `a plain white cotton shirt` ಎಂದಷ್ಟೇ ಬರೆಯಿರಿ. ಪೇಟದ ಹೆಸರು ಅಲ್ಲಿ ಬರಲೇಬಾರದು.

ಇಲ್ಲಿ ಬಹಳ ಜನ ಸಿಕ್ಕಿಬೀಳುವುದು `Denoising strength` ಎಂಬ ಸಂಖ್ಯೆಯಲ್ಲಿ. ಹಳೆಯ ಚಿತ್ರವನ್ನು ಎಷ್ಟು ಅಳಿಸಿ ಶುರುಮಾಡಬೇಕು ಎಂಬುದರ ಅಳತೆ ಅದು. 0.3 ಕೊಟ್ಟರೆ ನೂಲಿನ ವಿವರ ಬದಲಾಗುತ್ತದೆ, ಬಣ್ಣ ಹಾಗೇ ಉಳಿಯುತ್ತದೆ. ದೊಡ್ಡ ಬಣ್ಣದ ಹರವು ಚಿತ್ರ ರಚನೆಯ ಆರಂಭದ ಹೆಜ್ಜೆಗಳಲ್ಲೇ ತೀರ್ಮಾನವಾಗುವುದರಿಂದ, ಕಡಿಮೆ ಅಳಿಸಿದಾಗ ಆ ತೀರ್ಮಾನ ಹಳೆಯದೇ ಆಗಿರುತ್ತದೆ. 0.8 ಕೊಟ್ಟರೆ ಬಣ್ಣ ಬದಲಾಗುತ್ತದೆ, ಜೊತೆಗೆ ಅಂಗಿಯ ಕತ್ತು, ತೋಳು, ಕೆಲವೊಮ್ಮೆ ಕೈಯೇ ಬದಲಾಗಿಬಿಡುತ್ತದೆ. ಇದಕ್ಕೊಂದು ಸುಲಭದ ಉಪಾಯ: ಮೊದಲು ಗಿಂಪ್‌ನಂಥ ತಂತ್ರಾಂಶದಲ್ಲಿ ಅಂಗಿಯ ಮೇಲೆ ಒರಟಾಗಿ ಬಿಳಿ ಬಳಿದು, ಮಡಿಕೆಗಳ ಜಾಗದಲ್ಲಿ ಸ್ವಲ್ಪ ಬೂದು ಎಳೆದು, ಆ ಚಿತ್ರವನ್ನು 0.45ರ ಆಸುಪಾಸಿನಲ್ಲಿ ಇನ್‌ಪೇಂಟ್ ಮಾಡಿ. ಬಣ್ಣವನ್ನು ನೀವೇ ತೀರ್ಮಾನಿಸಿ ಕೊಟ್ಟಿದ್ದೀರಿ, ಮಾಡೆಲ್ ಅದಕ್ಕೆ ನೆರಳು ಬೆಳಕು ಮಡಿಕೆ ಹೊಂದಿಸುತ್ತದೆ.

ಬಣ್ಣ ಮಾತ್ರ ತಪ್ಪಿದ್ದು ಆಕಾರವೆಲ್ಲ ಸರಿಯಿದ್ದರೆ, ಮಾಡೆಲ್ಲನ್ನು ಕರೆಯಲೂ ಬೇಕಿಲ್ಲ. ಹಸಿರಾದ ಪೇಟವನ್ನು ಆಯ್ದುಕೊಂಡು ಗಿಂಪ್‌ನ `Hue-Saturation` ಪಟ್ಟಿ ಜರುಗಿಸಿದರೆ ಎರಡು ನಿಮಿಷದ ಕೆಲಸ. ಬಿಳಿಗೆ ಮಾತ್ರ ಈ ಉಪಾಯ ತಿರುಗುಬಾಣ: ಬಿಳಿ ಅಂಗಿಯಲ್ಲಿ ತಿರುಗಿಸಲು ಬಣ್ಣವೇ ಇರುವುದಿಲ್ಲ, ಬಣ್ಣದ ಅಂಗಿಯನ್ನು ಬಿಳಿ ಮಾಡಲು ಹೋದರೆ ಬೂದಿಯಾಗಿ ಕೂರುತ್ತದೆ.

ಮಾಡೆಲ್ ಕೈಗೆ ಕೊಡಬಾರದ್ದು

ರಾಜ್ಯೋತ್ಸವದ ಚಿತ್ರದಲ್ಲಿ ಬಾವುಟ ಬೇಕೇ ಬೇಕು. ಮ. ರಾಮಮೂರ್ತಿಯವರು ರೂಪಿಸಿದ ಬಾವುಟದಲ್ಲಿ ಮೇಲೆ ಹಳದಿ, ಕೆಳಗೆ ಕೆಂಪು. ಒಂದೇ ವಸ್ತುವಿನಲ್ಲಿ ಎರಡು ಬಣ್ಣ, ಅದೂ ಮೇಲೆ ಕೆಳಗೆ ಎಂಬ ಲೆಕ್ಕದೊಡನೆ. ಮಾಡೆಲ್ಲಿಗೆ ಇದಕ್ಕಿಂತ ಕಠಿಣವಾದ ಪರೀಕ್ಷೆ ಸಿಗಲಿಕ್ಕಿಲ್ಲ. ಮೇಲೆ ಕೆಂಪು ಬರುತ್ತದೆ, ಮೂರನೆಯ ಪಟ್ಟಿಯೊಂದು ಸೇರುತ್ತದೆ, ಇಲ್ಲವೇ ಎರಡೂ ಕಲಸಿ ಕಿತ್ತಳೆಯಾಗುತ್ತದೆ. ಹೊರನಾಡಿನಲ್ಲಿ ಬಾವುಟ ತಲೆಕೆಳಗಾದ ಆಮಂತ್ರಣ ಒಮ್ಮೆ ಫಾರ್ವರ್ಡ್ ಆದರೆ ಮತ್ತೆ ಹಿಂದಕ್ಕೆ ಬರುವುದಿಲ್ಲ. ಬಾವುಟವನ್ನೂ ಕನ್ನಡ ಅಕ್ಷರಗಳನ್ನೂ ಚಿತ್ರ ಮುಗಿದ ಮೇಲೆ ಬೇರೆ ಲೇಯರಿನಲ್ಲಿ ಕೈಯಿಂದಲೇ ಸೇರಿಸಿ. ಪ್ರಾಂಪ್ಟಿನಲ್ಲಿ ಅದರ ಹೆಸರೆತ್ತದಿದ್ದರೆ ಎರಡು ಬಣ್ಣದ ಪದಗಳೂ ಉಳಿಯುತ್ತವೆ.

ಇಳಕಲ್ ಸೀರೆಯೂ ಇದೇ ಸಾಲಿನದು. ಹಸಿರು ಒಡಲು, ಕೆಂಪು ಸೆರಗು, ಸೆರಗಿನಲ್ಲಿ ಬಿಳಿಯ ವಿನ್ಯಾಸ. ನೇಕಾರರು ಒಡಲಿನ ಹಾಸುನೂಲನ್ನೂ ಸೆರಗಿನ ಹಾಸುನೂಲನ್ನೂ ಕೊಂಡಿ ಹಾಕಿ ಕೂಡಿಸುತ್ತಾರೆ, ಹಸಿರು ಎಲ್ಲಿ ಮುಗಿದು ಕೆಂಪು ಎಲ್ಲಿ ಶುರು ಎಂಬುದನ್ನು ನೂಲೇ ಹೇಳುತ್ತದೆ. ಮಾಡೆಲ್ಲಿನ ಬಳಿ ಅಂಥ ಕೊಂಡಿ ಇಲ್ಲ. ಸೆರಗು ಒಂದು ಪಟ್ಟಿಯೊಳಗೆ ಹಿಡಿಯುವ ವಸ್ತುವೂ ಅಲ್ಲ, ಹೆಗಲಿನಿಂದ ಇಳಿದು ಸೊಂಟ ಸುತ್ತುತ್ತದೆ. ಇಂಥಲ್ಲಿ ಮೊದಲು ಇಡೀ ಸೀರೆ ಹಸಿರಾಗಿ ಬರಲಿ, ಆಮೇಲೆ ಸೆರಗಿನ ಆಕಾರಕ್ಕೆ ಕುಂಚ ಆಡಿಸಿ ಕೆಂಪು ಬಳಿದು ಇನ್‌ಪೇಂಟ್ ಮಾಡುವುದೇ ದಾರಿ. ಬಿಳಿ ವಿನ್ಯಾಸ ನಿಜವಾದ ಇಳಕಲ್ಲಿನಂತೆ ಬರುತ್ತದೆಂದು ಮಾತ್ರ ನಿರೀಕ್ಷಿಸಬೇಡಿ.

ಹೊಸ ಮಾಡೆಲ್‌ಗಳು ಬಂದ ಮೇಲೆ

ಕ್ಲಿಪ್‌ಗೆ ವ್ಯಾಕರಣ ಗೊತ್ತಿಲ್ಲದಿದ್ದರೆ ಹೊರಗಿನಿಂದ ಕೊಡೋಣ ಎಂದು ಇಸ್ರೇಲಿನ ಬಾರ್-ಇಲಾನ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಸಿನ್‌ಜೆನ್ ಎಂಬ ವಿಧಾನ ತಂದರು. ಅದು ಪ್ರಾಂಪ್ಟನ್ನು ವ್ಯಾಕರಣದ ಪ್ರಕಾರ ಬಿಡಿಸಿ, ಯಾವ ವಿಶೇಷಣ ಯಾವ ನಾಮಪದಕ್ಕೆ ಎಂದು ಜೋಡಿ ಮಾಡುತ್ತದೆ. ಆಮೇಲೆ ಚಿತ್ರ ಮೂಡುವಾಗ "ಕೆಂಪು" ಗಮನಿಸುವ ಚೌಕಗಳೂ "ಪೇಟ" ಗಮನಿಸುವ ಚೌಕಗಳೂ ಒಂದರ ಮೇಲೊಂದು ಕೂರುವಂತೆ, ಉಳಿದ ಪದಗಳ ಚೌಕಗಳಿಂದ ದೂರ ಸರಿಯುವಂತೆ ತಳ್ಳುತ್ತದೆ. ಮೊದಲ ಸೋರಿಕೆಯ ಔಷಧವನ್ನು ಎರಡನೆಯ ಸೋರಿಕೆಯ ಜಾಗದಲ್ಲಿ ಹಚ್ಚಿದಂತೆ.

ಸ್ಟೇಬಲ್ ಡಿಫ್ಯೂಷನ್ 3, 2024ರ ಫ್ಲಕ್ಸ್ ಮುಂತಾದ ಮಾಡೆಲ್‌ಗಳು ಕ್ಲಿಪ್ ಜೊತೆಗೆ ಟಿ5 ಎಂಬ ಭಾಷಾಜಾಲವನ್ನೂ ಇಟ್ಟುಕೊಂಡಿವೆ. ಟಿ5 ಪದದ ಹಿಂದೆಯೂ ಮುಂದೆಯೂ ನೋಡುತ್ತದೆ, ಯಾವುದು ಯಾರದ್ದು ಎಂಬ ತಿಳಿವಳಿಕೆ ಅದಕ್ಕೆ ಹೆಚ್ಚು. ನಮ್ಮ ನಾಲ್ಕು ಬಣ್ಣದ ಪ್ರಾಂಪ್ಟನ್ನು ಇವು ಹೆಚ್ಚು ಕಷ್ಟವಿಲ್ಲದೆ ನಿಭಾಯಿಸುತ್ತವೆ. ಬೆಲೆ ಏನೆಂದರೆ ಗಾತ್ರ. ಫ್ಲಕ್ಸ್‌ನಲ್ಲಿ 1200 ಕೋಟಿ ಪ್ಯಾರಾಮೀಟರ್‌ಗಳಿವೆ, ಹಳೆಯ ಲ್ಯಾಪ್‌ಟಾಪಿನಲ್ಲಿ ಅದನ್ನು ಓಡಿಸುವುದು ಸುಲಭವಲ್ಲ. ಜನ ಹೆಚ್ಚಾಗಿ, ಒಬ್ಬೊಬ್ಬರಿಗೆ ಎರಡು ಮೂರು ಬಣ್ಣವಾದಾಗ ಅವುಗಳಲ್ಲೂ ಬಣ್ಣ ಹತ್ತುತ್ತದೆ. ಆಗ ಮೇಲಿನ ಹೆಜ್ಜೆಗಳೇ ಮತ್ತೆ ಕೆಲಸಕ್ಕೆ ಬರುತ್ತವೆ: ಒಂಟಿಯಾಗಿ ಕೇಳಿ ನೋಡುವುದು, ಜಾಗ ಹಂಚುವುದು, ಉಳಿದದ್ದನ್ನು ಕೈಯಿಂದ ತಿದ್ದುವುದು. `BREAK` ಮಾತ್ರ ಕ್ಲಿಪ್‌ನ 75 ಟೋಕನ್‌ಗಳ ಲೆಕ್ಕಕ್ಕೆ ಹುಟ್ಟಿದ್ದು, ಟಿ5ಗೆ ಅದರಿಂದ ಅಂಥ ಫಲ ನಿರೀಕ್ಷಿಸಬೇಡಿ.

ತಿದ್ದಲು ಕೂರುವ ಮುನ್ನ ಇನ್ನೊಂದು ಸಂಗತಿ ನೋಡಿಕೊಳ್ಳಿ. ಹಿತ್ತಾಳೆ ದೀಪದ ಹೊಟ್ಟೆಯಲ್ಲಿ ಒಂದಿಷ್ಟು ಹಸಿರು ಕಂಡರೆ ಅದು ಸೋರಿಕೆ ಆಗಿರಲಿಕ್ಕಿಲ್ಲ. ಹೊಳೆಯುವ ಲೋಹ ಎದುರಿಗಿನ ಸೀರೆಯನ್ನು ತೋರಿಸುತ್ತದೆ, ಬಿಳಿ ಅಂಗಿಯ ಮಗ್ಗುಲು ಪಕ್ಕದವರ ಬಣ್ಣವನ್ನು ತೆಳುವಾಗಿ ಹೊತ್ತಿರುತ್ತದೆ. ಗುರುತಿಸುವುದು ಹೀಗೆ: ಬೆಳಕಿನಿಂದ ಬಂದ ಬಣ್ಣ ಆ ವಸ್ತುವಿಗೆ ಮುಖ ಮಾಡಿದ ಕಡೆ ಮಾತ್ರ ಇರುತ್ತದೆ, ದೂರ ಹೋದಂತೆ ತಿಳಿಯಾಗುತ್ತದೆ. ಸೋರಿದ ಬಣ್ಣ ಬಟ್ಟೆಯ ಎಲ್ಲ ಮಗ್ಗುಲಲ್ಲೂ ಒಂದೇ ಸಮ, ನೆರಳಿನೊಳಗೂ ಅಷ್ಟೇ ಗಾಢ. ಎರಡನೆಯದನ್ನು ತಿದ್ದಿ, ಮೊದಲನೆಯದನ್ನು ಮುಟ್ಟಬೇಡಿ. ಅದನ್ನೂ ಒರೆಸಿಬಿಟ್ಟರೆ ಮೂವರೂ ಒಂದೇ ಸಭಾಂಗಣದಲ್ಲಿ ನಿಂತಂತೆ ಕಾಣುವುದಿಲ್ಲ.